ಜಾಲರಿಯಾಚೆ ಇರುವುದು ಚಿರತೆಯೋ, ಜಾಗ್ವಾರೋ?

ಮೃಗಾಲಯದ ಫೋಟೊ ನೋಡಿ ಪ್ರಾಣಿಯನ್ನು ಗುರುತಿಸುವಾಗ ನಾನು ಊರಿನ ಹೆಸರನ್ನು ನಂಬುವುದಿಲ್ಲ. ನಾಗರಹೊಳೆಯ ಕಾಡಿನಲ್ಲಿ ಕಂಡ ಮಚ್ಚೆಯ ದೊಡ್ಡ ಬೆಕ್ಕು ಚಿರತೆಯೇ. ಬೋನಿನೊಳಗಿದ್ದರೆ ಅದು ಅಮೆರಿಕ ಖಂಡದ ಜಾಗ್ವಾರ್ ಕೂಡ ಆಗಿರಬಹುದು. ಎರಡನ್ನೂ ಬೇರ್ಪಡಿಸುವ ಗುರುತು ಬಹಳ ಸಣ್ಣದು: ಜಾಗ್ವಾರಿನ ಪಕ್ಕೆಯ ಉಂಗುರಮಚ್ಚೆಗಳ ಒಳಗೆ ಪುಟ್ಟ ಕಪ್ಪು ಚುಕ್ಕಿಗಳಿರುತ್ತವೆ, ಚಿರತೆಯವು ಸಾಮಾನ್ಯವಾಗಿ ಖಾಲಿ. ಜಾಲರಿ ಅಡ್ಡ ಬಂದು ಫೋಟೊ ಮಂಕಾದರೆ ಮೊದಲು ಅಳಿಸಿಹೋಗುವುದೇ ಆ ಚುಕ್ಕಿಗಳು.

ಹಾಗಾಗಿ ಅಪರ್ಚರನ್ನು ಪೂರ್ತಿ ತೆರೆದೇ ತೆಗೆಯುತ್ತೇನೆ. 200 ಮಿ.ಮೀ. ಲೆನ್ಸಿನಲ್ಲಿ ಎಫ್/4 ಎಂದರೆ ಬೆಳಕು ಬರುವ ಕಿಂಡಿ 50 ಮಿ.ಮೀ. ಅಗಲ. ಲೆನ್ಸಿನ ಮುಂದೆಯೇ ಇರುವ 3 ಮಿ.ಮೀ. ತಂತಿ ಅದರಲ್ಲಿ ಹೆಚ್ಚೆಂದರೆ ಶೇ. 8ರಷ್ಟು ಬೆಳಕು ತಡೆಯುತ್ತದೆ, ಚಿತ್ರದಲ್ಲಿ ತಂತಿ ಕಾಣುವುದೇ ಇಲ್ಲ. ಎಫ್/16ಕ್ಕೆ ಹೋದರೆ ಕಿಂಡಿ 12.5 ಮಿ.ಮೀ.ಗೆ ಇಳಿಯುತ್ತದೆ. ಅದೇ ತಂತಿ ಸುಮಾರು ಶೇ. 30 ನುಂಗಿ ಬೂದುಪಟ್ಟಿಯಾಗಿ ಉಳಿಯುತ್ತದೆ. ಮೊಬೈಲಿನ ಕಿಂಡಿ ಕೆಲವೇ ಮಿ.ಮೀ., ಆದ್ದರಿಂದ ಅದರ ಲೆನ್ಸನ್ನು ಎರಡು ತಂತಿಗಳ ನಡುವಿನ ಸಂದಿಗೇ ಹಿಡಿಯಬೇಕು. ಇದೆಲ್ಲ ತಡೆಬೇಲಿ ದಾಟದೆ ಜಾಲರಿಯ ಹತ್ತಿರ ನಿಲ್ಲಲು ಸಾಧ್ಯವಿರುವ ಕಡೆ ಮಾತ್ರ. ಪ್ರಾಣಿ ಜಾಲರಿಗೆ ಒರಗಿ ನಿಂತಿದ್ದರೆ ಯಾವ ಲೆಕ್ಕವೂ ನಡೆಯದು. ಅದು ಹಿಂದೆ ಸರಿಯುವವರೆಗೆ ಕಾಯಬೇಕು. ತಂತಿಯ ಮೇಲೆ ಬಿಸಿಲು ಬಿದ್ದರೆ ಇಡೀ ಚಿತ್ರದ ಮೇಲೆ ಬಿಳಿ ಮಬ್ಬು ಕವಿಯುತ್ತದೆ. ನೆರಳಿರುವ ಮಗ್ಗುಲಿಗೆ ಹೋಗಿ, ಇಲ್ಲವೇ ಟೊಪ್ಪಿಯಿಂದ ತಂತಿಗೆ ನೆರಳು ಕೊಡಿ. ಆಟೊಫೋಕಸ್ ಮತ್ತೆ ಮತ್ತೆ ತಂತಿಯನ್ನೇ ಹಿಡಿಯುತ್ತಿದ್ದರೆ ಒಂದೇ ಬಿಂದು ಆಯ್ದು ಕಣ್ಣಿನ ಮೇಲಿಡುತ್ತೇನೆ.

ಗಾಜಿನಲ್ಲಿ ತೊಂದರೆ ಬೇರೆ, ನಮ್ಮದೇ ಪ್ರತಿಬಿಂಬ. ಫ್ಲ್ಯಾಶ್ ಆರಿಸಿ, ರಬ್ಬರ್ ಹುಡ್ಡನ್ನು ಗಾಜಿಗೆ ಮೆತ್ತಗೆ ಆನಿಸಿ ನೇರವಾಗಿ ತೆಗೆಯುವುದೇ ಒಳ್ಳೆಯದು. ಪೋಲರೈಸರ್ ಫಿಲ್ಟರ್ ನೇರ ನೋಟದಲ್ಲಿ ಪ್ರತಿಬಿಂಬ ತೆಗೆಯುವುದಿಲ್ಲ, ಓರೆಯಾಗಿ ನಿಂತರಷ್ಟೇ ಅದರ ಕೆಲಸ. ಆದರೆ ದಪ್ಪ ಗಾಜನ್ನು ಓರೆಯಾಗಿ ನೋಡಿದರೆ ವಿವರ ಕದಡುತ್ತದೆ. ಚುಕ್ಕಿ ಬೇಕೆಂದರೆ ನಾನು ಪೋಲರೈಸರ್ ಬಿಚ್ಚಿಡುತ್ತೇನೆ.

ಪಕ್ಕೆಯ ಫೋಟೊ ಸಿಕ್ಕ ಕೂಡಲೇ ಫಲಕದ್ದೂ ಒಂದು ತೆಗೆಯುತ್ತೇನೆ. ಪ್ಯಾಂಥೆರಾ ಓಂಕಾ ಎಂದಿದ್ದರೆ ಜಾಗ್ವಾರ್, ಪ್ಯಾಂಥೆರಾ ಪಾರ್ಡಸ್ ಎಂದಿದ್ದರೆ ಚಿರತೆ. ಪ್ರಾಣಿಗಳನ್ನು ಬೇರೆ ಆವರಣಕ್ಕೆ ಬದಲಿಸಿದಾಗ ಫಲಕ ಹಿಂದೆ ಉಳಿದಿರಬಹುದು, ಆದ್ದರಿಂದ ಫಲಕ ಮತ್ತು ಮಚ್ಚೆ ಎರಡೂ ಒಂದೇ ಮಾತು ಹೇಳಬೇಕು.

ಮೃಗಾಲಯಗಳು ತಮ್ಮಲ್ಲಿ ಹುಟ್ಟಿದ ಪ್ರಾಣಿಗಳನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳುವುದರಿಂದ, ಕಳಿಸಿದ ದೇಶವೂ ಪ್ರಾಣಿಯ ತವರಲ್ಲದಿರಬಹುದು. 2021ರಲ್ಲಿ ಮೈಸೂರಿಗೆ ಗೊರಿಲ್ಲಾಗಳು ಬಂದದ್ದು ಜರ್ಮನಿಯಿಂದ. ಆ ಜೀವಿಯ ಕಾಡು ಇರುವುದು ಆಫ್ರಿಕದಲ್ಲಿ. ಪ್ರಾಣಿ ಕಂಡ ಜಾಗವನ್ನು ನಕ್ಷೆಯಲ್ಲಿ ಗುರುತಿಸುವ ಜಾಲತಾಣಗಳಲ್ಲಿ ಇಂಥ ಫೋಟೊ ಹಂಚುವಾಗ ಮೃಗಾಲಯದ ಹೆಸರಿನ ಪಕ್ಕದಲ್ಲೇ ‘ಬಂಧನದಲ್ಲಿರುವ ಪ್ರಾಣಿ’ ಎಂದು ಬರೆಯಿರಿ. ಇಲ್ಲದಿದ್ದರೆ ಮೈಸೂರಿನ ನಕ್ಷೆಯ ಮೇಲೆ ಕಾಡು ಜಾಗ್ವಾರಿನ ಗುರುತು ಬೀಳುತ್ತದೆ.