ಹುಲಿಯೋ ಹುಲಿಯ ಪಟವೋ: ಎರಡು ಫೋಟೊ ಒಂದರ ಮೇಲೊಂದಿಟ್ಟು ನೋಡುವ ಕ್ರಮ

ಕಾಡುಪ್ರಾಣಿಯ ಫೋಟೊ ಮೇಲೆ ಅನುಮಾನ ಬಂದಾಗ ಹೆಚ್ಚಿನವರು ಮೊದಲು ದೊಡ್ಡದು ಮಾಡಿ ನೋಡುವುದು ಕಣ್ಣನ್ನು. ನಾನು ಮೊದಲು ಕೇಳುವುದು ಆ ಫೋಟೊದ ಹಿಂದಿನ, ಮುಂದಿನ ಫೋಟೊಗಳನ್ನು. ಒಂದೇ ಚಿತ್ರದಲ್ಲಿ ಒಳ್ಳೆಯ ಗೊಂಬೆ, ಒಳ್ಳೆಯ ಪಟ, ಟ್ಯಾಕ್ಸಿಡರ್ಮಿ ಮಾಡಿದ, ಅಂದರೆ ಸತ್ತ ಮೇಲೆ ಚರ್ಮವನ್ನು ಕೃತಕ ಒಡಲಿಗೆ ಹೊದಿಸಿ ನಿಲ್ಲಿಸಿದ ಪ್ರಾಣಿ ಎಲ್ಲವೂ ತಪ್ಪಿಸಿಕೊಳ್ಳಬಲ್ಲವು. ಎರಡು ಚಿತ್ರ ಸಿಕ್ಕರೆ ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ: ಈ ಮೈ ಬದಲಾಗಿದೆಯೇ?

ಮೂಲ ಫೈಲುಗಳು ಕೈಗೆ ಬಂದ ಕೂಡಲೇ ಅವನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಫೋಟೊ ಫೈಲಿನೊಳಗಿನ ಮಾಹಿತಿ ಓದುವ exiftool ತಂತ್ರಾಂಶದ ಈ ಆಜ್ಞೆಯನ್ನು ಓಡಿಸುತ್ತೇನೆ:

```
exiftool -T -FileName -DateTimeOriginal -FocalLength -Flash *.JPG
```

ತೆಗೆದ ಸಮಯ, ಲೆನ್ಸಿನ ಫೋಕಲ್ ಲೆಂಗ್ತ್, ಫ್ಲ್ಯಾಶ್ ಹೊತ್ತಿತ್ತೋ ಇಲ್ಲವೋ ಎಂಬುದೆಲ್ಲ ಒಂದೇ ಪಟ್ಟಿಯಲ್ಲಿ ಬರುತ್ತದೆ. ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದ ಪ್ರತಿಯಲ್ಲಿ ಈ ಮಾಹಿತಿ ಅಳಿಸಿಹೋಗಿರುತ್ತದೆ. ಹಾಗಾಗಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳುತ್ತೇನೆ.

ಈ ಪರೀಕ್ಷೆಗೆ ಅತ್ಯುತ್ತಮ ಪಾಠ ಚೀನಾದ ಶಾನ್ಶಿ ಪ್ರಾಂತ್ಯದ ಝೆನ್‌ಪಿಂಗ್ ಹುಲಿ. 2007ರ ಅಕ್ಟೋಬರಿನಲ್ಲಿ ಅಲ್ಲಿನ ಅರಣ್ಯ ಇಲಾಖೆ, ಝೌ ಝೆಂಗ್‌ಲಾಂಗ್ ಎಂಬ ರೈತ ಕಾಡಿನಲ್ಲಿ ದಕ್ಷಿಣ ಚೀನಾ ಹುಲಿಯ ಫೋಟೊ ತೆಗೆದಿದ್ದಾನೆ ಎಂದು ಪ್ರಕಟಿಸಿತು. ಒಟ್ಟು 70ಕ್ಕೂ ಹೆಚ್ಚು ಚಿತ್ರಗಳಿದ್ದವು. ಹುಲಿ ಎಲ್ಲದರಲ್ಲೂ ಒಂದೇ ಭಂಗಿಯಲ್ಲಿ ಮಲಗಿತ್ತು. ಸಸ್ಯವಿಜ್ಞಾನಿ ಫು ದೆಝಿ ಹುಲಿಯನ್ನು ಬಿಟ್ಟು ಅದರ ಪಕ್ಕದ ಎಲೆಗಳನ್ನು ನೋಡಿದರು. ಆ ಗಿಡದ ಎಲೆ ಎಷ್ಟು ಅಗಲ ಬೆಳೆಯುತ್ತದೆಂದು ಬಲ್ಲವರಿಗೆ ಹುಲಿಯ ತಲೆಯ ಅಳತೆಯೂ ಅಲ್ಲೇ ಸಿಗುತ್ತದೆ. ಆ ಅಳತೆಗೆ ಹುಲಿ ತೀರಾ ಚಿಕ್ಕದಾಗಿತ್ತು. ನವೆಂಬರಿನಲ್ಲಿ ಸಿಚುವಾನಿನ ಒಬ್ಬರು, ತಮ್ಮ ಮನೆಯ ಗೋಡೆಯ ಮೇಲಿರುವ ಪಟದಲ್ಲಿ ಇದೇ ಹುಲಿ ಇದೆ ಎಂದು ತೋರಿಸಿದರು. ಪಟವನ್ನು ಪೊದೆಯ ನಡುವೆ ಇಟ್ಟು ಫೋಟೊ ತೆಗೆದದ್ದು ಎಂದು 2008ರ ಜೂನಿನಲ್ಲಿ ಸರ್ಕಾರವೇ ಘೋಷಿಸಿತು. ಹೆಜ್ಜೆಗುರುತು ಮೂಡಿಸಲು ಮಾಡಿದ ಮರದ ಪಂಜವೂ ಪೊಲೀಸರಿಗೆ ಸಿಕ್ಕಿತ್ತು.

ಇಲ್ಲಿ ಬಹಳ ಜನ ಎಡವುವುದು ಪಟ್ಟೆಗಳ ವಿಚಾರದಲ್ಲಿ. ‘ಎರಡೂ ಚಿತ್ರದಲ್ಲಿ ಪಟ್ಟೆ ಒಂದೇ ಇದೆ, ಅದಕ್ಕೇ ನಕಲಿ’ ಅನ್ನುತ್ತಾರೆ. ಅದು ತಪ್ಪು. ಒಂದು ಹುಲಿಯ ಪಟ್ಟೆ ಜೀವಮಾನವಿಡೀ ಬದಲಾಗುವುದಿಲ್ಲ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳನ್ನು ಎಣಿಸಿದ್ದು ಇದೇ ಆಧಾರದ ಮೇಲೆ. ಪಟ್ಟೆಯ ವಿನ್ಯಾಸ ಒಂದೇ ಎಂದರೆ ಹುಲಿ ಒಂದೇ ಎಂದಷ್ಟೇ ಅರ್ಥ. ಆದರೆ ಪಟ್ಟೆಯ ಆಕಾರ ಬದಲಾಗಬೇಕು. ತಲೆ ಚೂರು ತಿರುಗಿದರೂ ಕೆನ್ನೆಯ ಪಟ್ಟೆ ಕಿರಿದಾಗುತ್ತದೆ. ಕಾಲು ಎತ್ತಿದರೆ ಭುಜದ ಮೇಲಿನ ಸಡಿಲ ಚರ್ಮ ಜಾರಿ ಪಟ್ಟೆಗಳ ನಡುವಿನ ಅಂತರ ಹಿಗ್ಗುತ್ತದೆ, ಕುಗ್ಗುತ್ತದೆ. ವಿನ್ಯಾಸವೂ ಒಂದೇ, ಆಕಾರವೂ ಒಂದೇ ಎಂದಾದಾಗ ಮಾತ್ರ ಅನುಮಾನಕ್ಕೆ ಜಾಗ.

ಅದನ್ನು ಅಳೆಯಲು GIMP ಎಂಬ ಚಿತ್ರ ತಿದ್ದುವ ಉಚಿತ ತಂತ್ರಾಂಶ ಸಾಕು. `File > Open as Layers` ಮೂಲಕ ಎರಡೂ ಚಿತ್ರಗಳನ್ನು ತೆರೆದು, ಮೇಲಿನ ಲೇಯರನ್ನು ಅರೆಪಾರದರ್ಶಕ ಮಾಡಿ, `Handle Transform` ಉಪಕರಣದಿಂದ ಹುಲಿಯ ಮೈಮೇಲೆ 4 ಬಿಂದು ಇಡುತ್ತೇನೆ. ನಾಲ್ಕೂ ಕ್ಯಾಮೆರಾದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರಬೇಕು. ಪಕ್ಕೆಯ ಪಟ್ಟೆಗಳ ಕವಲುಗಳು ಒಳ್ಳೆಯ ಗುರುತು. ಆ ನಾಲ್ಕನ್ನೂ ಕೆಳಗಿನ ಚಿತ್ರದ ಅದೇ ಬಿಂದುಗಳಿಗೆ ಎಳೆದು ಕೂರಿಸಿ, ಮೇಲಿನ ಲೇಯರಿನ `Opacity` ಮತ್ತೆ 100ಕ್ಕೆ ತಂದು, ಲೇಯರ್ ಮೋಡನ್ನು `Difference` ಮಾಡಿದರೆ ಹೊಂದಿದ ಜಾಗ ಕಪ್ಪಾಗುತ್ತದೆ. ಈಗ ನೋಡಬೇಕಾದ್ದು ನಾನು ಮುಟ್ಟದೆ ಬಿಟ್ಟ ಮೂಗಿನ ತುದಿ ಮತ್ತು ಆಚೆ ಬದಿಯ ಕಿವಿ. ಚಪ್ಪಟೆ ಕಾಗದವಾದರೆ ನಾಲ್ಕು ಬಿಂದು ಹೊಂದಿದ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಹೊಂದುತ್ತದೆ. ಮೈ ಉಬ್ಬಿದ ಪ್ರಾಣಿಯಾದರೆ ಮೂಗು, ಕಿವಿ ಜರುಗಿ ನಿಲ್ಲುತ್ತವೆ. ಕಾಗದ ಬಾಗಿದ್ದರೆ ಅಥವಾ ಮಡಿಸಿದ್ದರೆ ಮಾತ್ರ ಸ್ವಲ್ಪ ತಪ್ಪುತ್ತದೆ. ಮಡಿಸಿದ್ದಾದರೆ ಆ ತಪ್ಪು ನೇರವಾದ ಮಡಿಕೆಯ ಗೆರೆಯುದ್ದಕ್ಕೂ ಕಾಣುತ್ತದೆ.

ಎಷ್ಟು ಜರುಗಬೇಕು ಎಂಬುದಕ್ಕೆ ಲೆಕ್ಕ ಹಾಕಬಹುದು. ಹುಲಿಯ ಮೂಗು ಕ್ಯಾಮೆರಾದಿಂದ 10 ಮೀಟರ್ ದೂರದಲ್ಲಿದೆ, ಭುಜ ಅದಕ್ಕಿಂತ 60 ಸೆಂ.ಮೀ. ಹಿಂದಿದೆ, ಫೋಟೊ ತೆಗೆದವರು ಪಕ್ಕಕ್ಕೆ 1 ಮೀಟರ್ ಸರಿದಿದ್ದಾರೆ ಎನ್ನಿ. 50 ಎಂ.ಎಂ. ಲೆನ್ಸ್, 6000 ಪಿಕ್ಸೆಲ್ ಅಗಲದ ಫುಲ್‌ಫ್ರೇಮ್ ಚಿತ್ರದಲ್ಲಿ ಭುಜಕ್ಕೆ ಹೋಲಿಸಿದರೆ ಮೂಗು ಸುಮಾರು 47 ಪಿಕ್ಸೆಲ್ ಜರುಗಬೇಕು. ಅದು ಬರಿಗಣ್ಣಿಗೇ ಕಾಣುತ್ತದೆ. ಅದೇ ಹುಲಿ 50 ಮೀಟರ್ ದೂರದಲ್ಲಿದ್ದರೆ 2 ಪಿಕ್ಸೆಲ್ ಮಾತ್ರ, ಅಷ್ಟನ್ನು ನಂಬಲಾಗದು.

ಇದಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿದೆ. ಕ್ಯಾಮೆರಾ ನಿಂತಲ್ಲೇ ತಿರುಗಿದ್ದರೆ ನಿಜವಾದ, ಅಲುಗದ ಹುಲಿಯೂ ಕಾಗದದಂತೆಯೇ ಹೊಂದುತ್ತದೆ. ಆದ್ದರಿಂದ ಹುಲಿಯನ್ನು ಮುಟ್ಟುವ ಮೊದಲು, ಹತ್ತಿರದ ಎಲೆಗೂ ಹಿಂದಿನ ಮರಕ್ಕೂ ನಡುವಿನ ಅಂತರ ಎರಡು ಚಿತ್ರಗಳಲ್ಲಿ ಬದಲಾಗಿದೆಯೇ ಎಂದು ನೋಡಲೇಬೇಕು. ಎಲೆ, ಮರಗಳು ಜರುಗಿ ಹುಲಿಯೊಂದೇ ಚಪ್ಪಟೆಯಾಗಿ ಉಳಿದರೆ ಅದು ಪಟ. ಯಾವುದೂ ಜರುಗದಿದ್ದರೆ ಈ ಪರೀಕ್ಷೆಯಿಂದ ಏನೂ ಹೇಳಲಾಗದು.

ಟ್ಯಾಕ್ಸಿಡರ್ಮಿ ಮತ್ತು ಪ್ರತಿಮೆ ಈ ಪರೀಕ್ಷೆಯನ್ನು ಸುಲಭವಾಗಿ ದಾಟುತ್ತವೆ, ಏಕೆಂದರೆ ಅವಕ್ಕೂ ಮೈಯಿದೆ. ಅಲ್ಲಿ ನೋಡಬೇಕಾದ್ದು ಹೊತ್ತು ಕಳೆದಾಗ ಆಗುವ ಬದಲಾವಣೆ. ಮಲಗಿದ ಹುಲಿಯೂ ಕೆಲವು ಸೆಕೆಂಡುಗಳಲ್ಲಿ ಕಿವಿ ತಿರುಗಿಸುತ್ತದೆ, ರೆಪ್ಪೆ ಇಳಿಸುತ್ತದೆ, ಉಸಿರಿಗೆ ಪಕ್ಕೆ ಏರಿಳಿಯುತ್ತದೆ. ಹತ್ತು ನಿಮಿಷದ ಅಂತರದ ಎರಡು ಫೋಟೊಗಳಲ್ಲಿ ಮೀಸೆಯೂ ಅಲ್ಲಾಡಿಲ್ಲವೆಂದರೆ ಜೀವವಿಲ್ಲ ಎಂದು ಬರೆಯಲು ನಾನು ಹಿಂಜರಿಯುವುದಿಲ್ಲ.

ಎರಡನೇ ಚಿತ್ರವೇ ಇಲ್ಲದಾಗ? 2017ರ ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ ಗೆದ್ದ, ಬ್ರೆಜಿಲ್‌ನ ಎಮಾಸ್ ರಾಷ್ಟ್ರೀಯ ಉದ್ಯಾನದ ಇರುವೆಭಕ್ಷಕದ ಚಿತ್ರದಲ್ಲಿ ಹೀಗೇ ಆಯಿತು. ಛಾಯಾಗ್ರಾಹಕ ಕೊಟ್ಟ ಮೂಲ ಫೈಲುಗಳಲ್ಲಿ ಆ ಪ್ರಾಣಿಯಿದ್ದ ಬೇರೆ ಚಿತ್ರ ಇರಲಿಲ್ಲ. ಸ್ಪರ್ಧೆಯ ಆಯೋಜಕರು ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿದ್ದ ಟ್ಯಾಕ್ಸಿಡರ್ಮಿ ಇರುವೆಭಕ್ಷಕದ ಫೋಟೊವನ್ನೇ ಎರಡನೇ ಚಿತ್ರವಾಗಿ ಬಳಸಿದರು. ಭಂಗಿ, ಮೈಕಟ್ಟು, ಎದ್ದು ನಿಂತ ರೋಮದ ಗುಂಪುಗಳ ಜಾಗ, ಕುತ್ತಿಗೆ ಮತ್ತು ತಲೆಯ ಮೇಲಿನ ವಿನ್ಯಾಸ ಎಲ್ಲವೂ ಎರಡು ಬೇರೆ ಪ್ರಾಣಿಗಳದ್ದಾಗಿರಲು ಸಾಧ್ಯವಿಲ್ಲದಷ್ಟು ಹೋಲುತ್ತವೆ ಎಂದು ಐವರು ತಜ್ಞರು ಬೇರೆಬೇರೆಯಾಗಿ ಹೇಳಿದರು. 2018ರ ಏಪ್ರಿಲಿನಲ್ಲಿ ಚಿತ್ರವನ್ನು ಅನರ್ಹಗೊಳಿಸಲಾಯಿತು. ಛಾಯಾಗ್ರಾಹಕ ಆರೋಪವನ್ನು ನಿರಾಕರಿಸಿದರು. ಎದ್ದು ನಿಂತ ರೋಮ ಇಲ್ಲಿ ಬಲವಾದ ಸಾಕ್ಷಿ, ಏಕೆಂದರೆ ಜೀವಂತ ಪ್ರಾಣಿಯ ರೋಮ ಒಮ್ಮೆ ಮೈಕೊಡವಿದರೂ ಬೇರೆಯಾಗಿ ಕೂರುತ್ತದೆ.

ಹೀಗೆ ಹೋಲಿಸುವಾಗ ಭಂಗಿಯೊಂದನ್ನೇ ನೆಚ್ಚಬಾರದು. ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯಲ್ಲಿ ಹುಲಿ, ಚಿರತೆಗಳ ಚರ್ಮವನ್ನು ಅಚ್ಚಿನಿಂದ ತೆಗೆದ ಕಾಗದದ ರಟ್ಟಿನ ಒಡಲಿಗೆ ಹೊದಿಸುತ್ತಿದ್ದರು. ಒಂದೇ ಅಚ್ಚಿನ ಹಲವು ಹುಲಿಗಳು ಒಂದೇ ರೀತಿ ಬಾಯಿ ತೆರೆದು ಗರ್ಜಿಸುತ್ತವೆ. ಭಂಗಿ ಒಂದೇ ಆಗಿ ಪಟ್ಟೆ ಬೇರೆಯಾದರೆ ಅದು ಅಚ್ಚಿನ ಗುರುತು. ಎರಡೂ ಒಂದೇ ಆದರೆ ಅದೇ ಚರ್ಮ.

ಕಣ್ಣು, ಮೂಗಿಗೆ ನಾನು ಬರುವುದು ಕೊನೆಗೆ. ಜೀವಂತ ಕಣ್ಣಿನಲ್ಲಿ ರೆಪ್ಪೆಯ ಅಂಚು ಗುಡ್ಡೆಗೆ ಅಂಟಿಕೊಂಡಿದ್ದು, ಆ ಗೆರೆಯಲ್ಲಿ ನೀರಿನ ಸಣ್ಣ ಹೊಳಪಿರುತ್ತದೆ. ಗಾಜಿನ ಕಣ್ಣಿನ ಸುತ್ತ ಚರ್ಮ ಒಣಗಿ ಸರಿದು ಸಂದು ಕಾಣುತ್ತದೆ. ತುಟಿಯೂ ಒಣಗಿ ವಸಡಿನಿಂದ ಹಿಂದೆ ಸರಿಯುತ್ತದೆ, ಕಿವಿಯ ಅಂಚು ಸುರುಳಿಯಾಗುತ್ತದೆ. ವರ್ಷಗಟ್ಟಲೆ ಬೆಳಕಿಗೆ ಬಿದ್ದ ಕೇಸರಿ ಬಣ್ಣ ಹುಲ್ಲಿನ ಬಣ್ಣಕ್ಕೆ ಇಳಿಯುತ್ತದೆ. ರಾತ್ರಿ ಫ್ಲ್ಯಾಶ್ ಹಾಕಿ ಎದುರಿನಿಂದ ತೆಗೆದರೆ ಹುಲಿಯ ಇಡೀ ಪಾಪೆ ಬೆಳಗುತ್ತದೆ, ಸಾಮಾನ್ಯ ಗಾಜಿನ ಕಣ್ಣಿನಲ್ಲಿ ಒಂದು ಚುಕ್ಕೆ ಮಾತ್ರ. ಆದರೆ ಫ್ಲ್ಯಾಶ್ ಲೆನ್ಸಿನಿಂದ ದೂರದಲ್ಲಿದ್ದರೆ ನಿಜವಾದ ಕಣ್ಣೂ ಬೆಳಗುವುದಿಲ್ಲ. ಕಣ್ಣು ಬೆಳಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಯಾವ ಫೋಟೊವನ್ನೂ ತಳ್ಳಿಹಾಕುವುದಿಲ್ಲ.