ಫಾರ್ಮುಲಾ ಬದಲಿಸುವ ಮೊದಲು: ತೊಂದರೆ ಪ್ರೋಟೀನ್‌ನದೋ, ಲ್ಯಾಕ್ಟೋಸ್‌ನದೋ?

ಫಾರ್ಮುಲಾ ಹಾಲು ಕುಡಿಯುವ ಕೂಸಿನ ಹೊಟ್ಟೆ ಪದೇ ಪದೇ ಕೆಡುತ್ತಿದ್ದರೆ ಮನೆಯವರ ಕೈ ಮೊದಲು ಹೋಗುವುದು ‘ಲ್ಯಾಕ್ಟೋಸ್ ರಹಿತ’ ಎಂದು ಬರೆದಿರುವ ಡಬ್ಬಿಯ ಕಡೆಗೆ. ಕೂಸಿಗೆ ಇರುವುದು ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿಯಾಗಿದ್ದರೆ ಆ ಡಬ್ಬಿಯಿಂದ ಪ್ರಯೋಜನವಿಲ್ಲ, ಏಕೆಂದರೆ ಅದರಿಂದ ತೆಗೆದಿರುವುದು ಹಾಲಿನ ಸಕ್ಕರೆಯನ್ನೇ ಹೊರತು ಪ್ರೋಟೀನನ್ನಲ್ಲ. ಅತ್ತ, ಅಲರ್ಜಿಗೆಂದು ವೈದ್ಯರು ಬರೆದುಕೊಡುವ ಕೆಲವು ವಿಶೇಷ ಫಾರ್ಮುಲಾಗಳಲ್ಲಿ ಲ್ಯಾಕ್ಟೋಸ್ ಇದ್ದೇ ಇರುತ್ತದೆ. ಅಲರ್ಜಿಯುಳ್ಳ ಬಹುತೇಕ ಕೂಸುಗಳಿಗೆ ಅದು ಒಗ್ಗುತ್ತದೆ ಕೂಡ. ಈ ಎರಡು ತೊಂದರೆಗಳನ್ನು ಒಂದೇ ಎಂದು ತಿಳಿದು ಡಬ್ಬಿ ಬದಲಿಸುತ್ತ ಹೋದರೆ ವಾರಗಳು ಕಳೆಯುತ್ತವೆ, ಕಾರಣ ಮಾತ್ರ ತಿಳಿಯುವುದಿಲ್ಲ.

ಮೊದಲು: ಯಾವುದು ಯಾವುದೆಂದು ಗುರುತಿಸುವುದು

ಲ್ಯಾಕ್ಟೋಸ್ ಅಸಹಿಷ್ಣುತೆ ಜೀರ್ಣಕ್ರಿಯೆಯ ತೊಂದರೆ. ಸಣ್ಣ ಕರುಳಿನ ಒಳಪದರದಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಸಾಕಷ್ಟಿಲ್ಲದಾಗ ಲ್ಯಾಕ್ಟೋಸ್ ಒಡೆಯದೆ ದೊಡ್ಡ ಕರುಳಿಗೆ ಇಳಿಯುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗುತ್ತದೆ. ಆದ್ದರಿಂದ ಮಲ ನೀರಾಗಿ, ನೊರೆನೊರೆಯಾಗಿ, ಹುಳಿ ವಾಸನೆಯಿಂದ ಹೊರಬರುತ್ತದೆ, ಹೊಟ್ಟೆ ಉಬ್ಬುತ್ತದೆ, ಮಲದ ಆಮ್ಲೀಯತೆಯಿಂದ ಗುದದ ಸುತ್ತ ಚರ್ಮ ಕೆಂಪಾಗುತ್ತದೆ. ಆದರೆ ಲ್ಯಾಕ್ಟೋಸ್‌ನಿಂದ ಮಲದಲ್ಲಿ ರಕ್ತ ಬರುವುದಿಲ್ಲ, ಮೈಮೇಲೆ ಗಂದೆ ಏಳುವುದಿಲ್ಲ, ಚರ್ಮ ಕೆಂಪಾಗಿ ಒರಟಾಗಿ ತುರಿಸುವ ಎಕ್ಸಿಮಾ ಆಗುವುದಿಲ್ಲ, ಉಬ್ಬಸ ಬರುವುದಿಲ್ಲ.

ಇನ್ನೊಂದು ಮಾತು ಇಲ್ಲಿ ಮುಖ್ಯ. ತಾಯಿಯ ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಇದು ಹಸುವಿನ ಹಾಲಿನಲ್ಲಿರುವುದಕ್ಕಿಂತ ಹೆಚ್ಚು. ಅದನ್ನು ಅರಗಿಸುವ ಸಾಮರ್ಥ್ಯವನ್ನು ಕೂಸು ಹುಟ್ಟುವಾಗಲೇ ಪಡೆದಿರುತ್ತದೆ. ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದಿರುವುದು ಅತ್ಯಂತ ಅಪರೂಪ. ಹಾಗಿದ್ದರೆ ಮೊದಲ ದಿನಗಳಲ್ಲೇ ತೀವ್ರ ಭೇದಿಯಾಗುತ್ತದೆ. ದೊಡ್ಡವರಲ್ಲಿ ಕಾಣುವ ಬಗೆಯ ಅಸಹಿಷ್ಣುತೆ ಎರಡು ವರ್ಷದೊಳಗೆ ಸಾಮಾನ್ಯವಾಗಿ ತಲೆದೋರುವುದಿಲ್ಲ, ಹಾಗಾಗಿ ‘ನನಗೂ ಹಾಲು ಒಗ್ಗುವುದಿಲ್ಲ, ಮಗುವಿಗೂ ಅದೇ ಬಂದಿದೆ’ ಎಂಬ ತರ್ಕ ಮೂರು ತಿಂಗಳ ಕೂಸಿಗೆ ಅನ್ವಯಿಸುವುದಿಲ್ಲ. ಅವಧಿ ತುಂಬಿ ಹುಟ್ಟಿದ ಕೂಸುಗಳಲ್ಲಿ ನಿಜವಾಗಿ ಕಾಣುವುದು ತಾತ್ಕಾಲಿಕ ಬಗೆ: ವಾಂತಿ-ಭೇದಿಯ ಸೋಂಕು ಕರುಳಿನ ಒಳಪದರವನ್ನು ಕೆಡಿಸಿ, ಅದು ಮತ್ತೆ ಬೆಳೆಯುವವರೆಗೆ ಕೆಲವು ವಾರ ಲ್ಯಾಕ್ಟೇಸ್ ಕಡಿಮೆಯಾಗುವುದು.

ಹಾಲಿನ ಅಲರ್ಜಿಯಲ್ಲಿ ತಿರುಗಿಬೀಳುವುದು ರೋಗನಿರೋಧಕ ವ್ಯವಸ್ಥೆ, ಅದೂ ಕೇಸೀನ್ ಮತ್ತು ವೇ ಎಂಬ ಹಾಲಿನ ಪ್ರೋಟೀನ್‌ಗಳ ವಿರುದ್ಧ. ಇದರಲ್ಲಿ ಎರಡು ಬಗೆಗಳಿವೆ. ಶೀಘ್ರ ಬಗೆಯಲ್ಲಿ ಹಾಲು ಕುಡಿದ ಕೆಲವೇ ನಿಮಿಷಗಳಿಂದ ಎರಡು ಗಂಟೆಗಳೊಳಗೆ ಮೈಮೇಲೆ ಪಿತ್ತಗಂದೆ, ತುಟಿ ಅಥವಾ ಕಣ್ಣಿನ ಸುತ್ತ ಊತ, ವಾಂತಿ, ಕೆಲವೊಮ್ಮೆ ಉಸಿರಾಟದ ತೊಂದರೆ ಕಾಣಿಸುತ್ತದೆ. ತಡವಾದ ಬಗೆಯಲ್ಲಿ ಲಕ್ಷಣಗಳು ಗಂಟೆಗಳ ಅಥವಾ ದಿನಗಳ ನಂತರ ಬರುತ್ತವೆ: ಮಲದಲ್ಲಿ ಲೋಳೆ ಮತ್ತು ರಕ್ತದ ಎಳೆಗಳು, ಮುಲಾಮಿಗೆ ಬಗ್ಗದ ಎಕ್ಸಿಮಾ, ನಿಲ್ಲದ ವಾಂತಿ ಅಥವಾ ಭೇದಿ. ಗೊಂದಲ ಹುಟ್ಟುವುದು ಈ ಎರಡನೆಯ ಬಗೆಯಲ್ಲೇ. ಶೀಘ್ರ ಬಗೆಯನ್ನು ಗುರುತಿಸಲು ನೆರವಾಗುವ ಚರ್ಮದ ಚುಚ್ಚು ಪರೀಕ್ಷೆಯಾಗಲಿ ರಕ್ತ ಪರೀಕ್ಷೆಯಾಗಲಿ ತಡವಾದ ಬಗೆಯನ್ನು ಹಿಡಿಯುವುದಿಲ್ಲ. ಫಲಿತಾಂಶ ನೆಗೆಟಿವ್ ಬಂದಿತೆಂದ ಮಾತ್ರಕ್ಕೆ ಅಲರ್ಜಿ ಇಲ್ಲವೆಂದು ಅರ್ಥವಲ್ಲ.

ಬರೀ ಅಳು, ಬರೀ ಹಾಲು ಕಕ್ಕುವುದು, ಬರೀ ಗಾಳಿ ಬಿಡುವುದು ಇವುಗಳಲ್ಲಿ ಯಾವುದೂ ತಾನೊಂದೇ ಅಲರ್ಜಿಗೆ ಸಾಕ್ಷಿಯಲ್ಲ. ತೂಕ ಸರಿಯಾಗಿ ಏರುತ್ತಿರುವ, ಹಾಲು ಕಕ್ಕಿಯೂ ನಗುತ್ತಿರುವ ಕೂಸಿಗೆ ವಿಶೇಷ ಫಾರ್ಮುಲಾ ಬೇಕಿಲ್ಲ.

ಎರಡನೆಯದು: ಬದಲಿಸುವ ಮೊದಲು ಬರೆದಿಡುವುದು

ವೈದ್ಯರನ್ನು ಕಾಣುವ ಮೊದಲು ಕೆಲವು ದಿನ, ಕೂಸು ಕುಡಿದ ಹೊತ್ತು, ಎಷ್ಟು ಮಿ.ಲೀ. ಎಂಬುದು, ಲಕ್ಷಣ ಕಂಡ ಹೊತ್ತು, ಮಲದ ಬಣ್ಣ ಮತ್ತು ರೂಪ ಇಷ್ಟನ್ನು ಬರೆದಿಡಬೇಕು. ಡಯಾಪರಿನ ಫೋಟೊ ಸಹ ಉಪಯುಕ್ತ. ಕುಡಿದುದಕ್ಕೂ ಲಕ್ಷಣಕ್ಕೂ ನಡುವಿನ ಅಂತರವೇ ಇಲ್ಲಿ ಅತ್ಯಂತ ಬೆಲೆಬಾಳುವ ಮಾಹಿತಿ. ಆದರೆ ಕೆಲವಕ್ಕೆ ಈ ದಿನಚರಿಯ ಹಂಗು ಇರಬಾರದು: ಉಸಿರಾಟಕ್ಕೆ ಕಷ್ಟವಾಗುವುದು, ಮುಖ ಊದುವುದು, ಹಸಿರು ಪಿತ್ತದ ವಾಂತಿ, ಹಾಲು ಕುಡಿದ ಒಂದರಿಂದ ನಾಲ್ಕು ಗಂಟೆಗಳಲ್ಲಿ ಮತ್ತೆ ಮತ್ತೆ ವಾಂತಿಯಾಗಿ ಕೂಸು ಬಿಳಿಚಿಕೊಂಡು ಜೋತುಬೀಳುವುದು. ಇವು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಮೂರನೆಯದು: ಸರಿಯಾದ ಫಾರ್ಮುಲಾ ಆರಿಸುವುದು

ಸೋಂಕಿನ ಭೇದಿಯ ನಂತರ ಬಹುತೇಕ ಕೂಸುಗಳು ತಮ್ಮ ಎಂದಿನ ಫಾರ್ಮುಲಾವನ್ನೇ ಮುಂದುವರಿಸಬಹುದು. ನೀರಾದ, ಹುಳಿ ಭೇದಿ ವಾರಗಟ್ಟಲೆ ಎಳೆದರೆ ಮಾತ್ರ ವೈದ್ಯರು ಲ್ಯಾಕ್ಟೋಸ್ ರಹಿತ ಫಾರ್ಮುಲಾ ಸೂಚಿಸುತ್ತಾರೆ. ಊಹೆ ಸರಿಯಿದ್ದರೆ ಕೆಲವೇ ದಿನಗಳಲ್ಲಿ ಮಲ ಗಟ್ಟಿಯಾಗುತ್ತದೆ, ಮತ್ತು ಕೆಲವು ವಾರಗಳ ನಂತರ ಹಳೆಯ ಫಾರ್ಮುಲಾಕ್ಕೆ ಮರಳಲೇಬೇಕು. ತಿಂಗಳುಗಟ್ಟಲೆ ಅದರಲ್ಲೇ ಉಳಿಯುವುದಕ್ಕೆ ಕಾರಣವಿಲ್ಲ. ಲ್ಯಾಕ್ಟೋಸ್‌ಗೆ ಬದಲಾಗಿ ಅದರಲ್ಲಿ ಹಾಕಿರುವ ಸಕ್ಕರೆಗಳು ಮೂಡುತ್ತಿರುವ ಹಲ್ಲುಗಳಿಗೂ ಒಳ್ಳೆಯವಲ್ಲ.

ಅಲರ್ಜಿಯ ಅನುಮಾನವಿದ್ದರೆ ಮೊದಲ ಆಯ್ಕೆ ‘ಎಕ್ಸ್‌ಟೆನ್ಸಿವ್ಲಿ ಹೈಡ್ರೊಲೈಜ್ಡ್’ ಫಾರ್ಮುಲಾ. ಇದರಲ್ಲಿ ಹಾಲಿನ ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆ ಗುರುತಿಸಲಾಗದಷ್ಟು ಸಣ್ಣ ತುಣುಕುಗಳಾಗಿ ಒಡೆದಿರುತ್ತಾರೆ. ಇದು ಒಗ್ಗದ ಅಥವಾ ತೀವ್ರ ಪ್ರತಿಕ್ರಿಯೆ ಆಗಿರುವ ಕೂಸುಗಳಿಗೆ ಪ್ರೋಟೀನ್ ತುಣುಕುಗಳೇ ಇಲ್ಲದ ಅಮೈನೊ ಆಮ್ಲ ಫಾರ್ಮುಲಾ ಕೊಡುತ್ತಾರೆ. ‘ಎಚ್‌ಎ’, ‘ಕಂಫರ್ಟ್’ ಎಂಬ ಹೆಸರಿನ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಅರೆಬರೆ ಒಡೆದಿರುತ್ತದೆ, ಅಲರ್ಜಿಗೆ ಅದು ಸಾಲದು. ಆಡಿನ ಹಾಲಿನ ಫಾರ್ಮುಲಾ ಕೂಡ ಪರಿಹಾರವಲ್ಲ. ಅದರ ಪ್ರೋಟೀನ್‌ಗಳು ಹಸುವಿನ ಹಾಲಿನವನ್ನು ಎಷ್ಟು ಹೋಲುತ್ತವೆಂದರೆ ಹೆಚ್ಚಿನ ಕೂಸುಗಳು ಅದಕ್ಕೂ ಪ್ರತಿಕ್ರಿಯಿಸುತ್ತವೆ. ಸೋಯಾ ಫಾರ್ಮುಲಾವನ್ನು ಆರು ತಿಂಗಳೊಳಗಿನ ಕೂಸಿಗೆ ಸಾಮಾನ್ಯವಾಗಿ ಸೂಚಿಸುವುದಿಲ್ಲ. ಬಾದಾಮಿ, ಅಕ್ಕಿ, ಓಟ್ಸ್‌ಗಳಿಂದ ಮಾಡಿದ ‘ಹಾಲು’ಗಳಂತೂ ಕೂಸಿನ ಆಹಾರವೇ ಅಲ್ಲ.

ನಾಲ್ಕನೆಯದು: ಬದಲಿಸುವುದು

ಮೂರು ತಿಂಗಳ ಒಂದು ಕೂಸನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತೂಕ 6 ಕಿಲೊ, ದಿನಕ್ಕೆ 180 ಮಿ.ಲೀ.ಯಂತೆ ಐದು ಬಾಟಲಿ ಕುಡಿಯುತ್ತದೆ. ಎರಡು ವಾರಗಳಿಂದ ಮಲದಲ್ಲಿ ಲೋಳೆ, ಆಗಾಗ ರಕ್ತದ ಸಣ್ಣ ಎಳೆಗಳು. ಕೆನ್ನೆಯಲ್ಲಿ, ಮೊಣಕೈ ಹೊರಬದಿಯಲ್ಲಿ ಒರಟು ಕೆಂಪು. ತೂಕ ಏರುತ್ತಿದೆ, ಗಂದೆಯಾಗಲಿ ಊತವಾಗಲಿ ಎಂದೂ ಕಂಡಿಲ್ಲ. ಮನೆಯವರು ಒಂದು ವಾರ ಲ್ಯಾಕ್ಟೋಸ್ ರಹಿತ ಫಾರ್ಮುಲಾ ಕೊಟ್ಟಾಗ ಗಾಳಿ ಸ್ವಲ್ಪ ಕಡಿಮೆಯಾಯಿತು, ರಕ್ತ ನಿಲ್ಲಲಿಲ್ಲ. ಇಂಥ ಅರ್ಧ ಸುಧಾರಣೆಯೇ ದಾರಿ ತಪ್ಪಿಸುವುದು: ಅಲರ್ಜಿ ಕರುಳಿನ ಒಳಪದರವನ್ನು ಕೆರಳಿಸಿದಾಗ ಲ್ಯಾಕ್ಟೇಸ್ ಕೂಡ ಒಂದಿಷ್ಟು ತಗ್ಗುತ್ತದೆ, ಆದ್ದರಿಂದ ಲ್ಯಾಕ್ಟೋಸ್ ತೆಗೆದಾಗ ಗಾಳಿ ಕಡಿಮೆಯಾದರೂ ಮೂಲ ಕಾರಣ ಹಾಗೆಯೇ ಉಳಿದಿರುತ್ತದೆ. ರಕ್ತದ ಎಳೆ ಮತ್ತು ಎಕ್ಸಿಮಾ ತೋರಿಸುತ್ತಿರುವುದು ಪ್ರೋಟೀನಿನ ಕಡೆಗೆ.

ಮಲದಲ್ಲಿನ ರಕ್ತಕ್ಕೆ ಸೋಂಕು, ಗುದದ ಸೀಳು ಮುಂತಾದ ಬೇರೆ ಕಾರಣಗಳಿಲ್ಲವೆಂದು ನೋಡಿದ ವೈದ್ಯರು ಹೈಡ್ರೊಲೈಜ್ಡ್ ಫಾರ್ಮುಲಾ ಆರಂಭಿಸುತ್ತಾರೆ. ಅದರ ರುಚಿ ಕಹಿ, ವಾಸನೆಯೂ ಹಿತವಲ್ಲ. ಮೂರು ತಿಂಗಳ ಕೂಸು ಸಾಮಾನ್ಯವಾಗಿ ತಕರಾರಿಲ್ಲದೆ ಕುಡಿಯುತ್ತದೆ. ಐದಾರು ತಿಂಗಳದು ಬಾಟಲಿ ತಳ್ಳಬಹುದು. ಹಾಗಾದರೆ, ತಡವಾದ ಬಗೆಯ ಅಲರ್ಜಿಯಲ್ಲಿ ಮಾತ್ರ, ವೈದ್ಯರ ಒಪ್ಪಿಗೆಯಿಂದ ಮೂರು ನಾಲ್ಕು ದಿನಗಳಲ್ಲಿ ಹಳೆಯದನ್ನು ಕಡಿಮೆ ಮಾಡುತ್ತ ಹೊಸದನ್ನು ಹೆಚ್ಚಿಸಬಹುದು. ಶೀಘ್ರ ಬಗೆಯಲ್ಲಿ ಹಳೆಯದನ್ನು ಒಂದೇ ಸಲಕ್ಕೆ ನಿಲ್ಲಿಸಬೇಕು. ಬೆರೆಸುವಾಗ ಎರಡು ಪುಡಿಗಳನ್ನು ಒಟ್ಟಿಗೆ ಹಾಕಬಾರದು. ಒಂದೊಂದು ಡಬ್ಬಿಯ ಅಳತೆ ಚಮಚ ಒಂದೊಂದು ಗಾತ್ರದ್ದು. ಎರಡನ್ನೂ ಅವುಗಳ ಸೂಚನೆಯಂತೆ ಬೇರೆ ಬೇರೆ ಕಲಸಿ, ಆಮೇಲೆ ಹಾಲುಗಳನ್ನು ಮಿ.ಲೀ. ಲೆಕ್ಕದಲ್ಲಿ ಸೇರಿಸಬೇಕು.

ಹೊಸ ಫಾರ್ಮುಲಾದಲ್ಲಿ ಮಲ ಕಡು ಹಸಿರಾಗಿ, ಸಡಿಲವಾಗಿ ಬರುವುದು ಸಹಜ. ಇದನ್ನು ಕಂಡು ‘ಇದೂ ಒಗ್ಗಲಿಲ್ಲ’ ಎಂದು ಮೂರನೆಯ ದಿನವೇ ಡಬ್ಬಿ ಬದಲಿಸುವವರು ಬಹಳ. ಎರಡರಿಂದ ನಾಲ್ಕು ವಾರ ಕಾಯಬೇಕು. ಲೋಳೆ, ರಕ್ತ ಮೊದಲು ನಿಲ್ಲುತ್ತವೆ, ಚರ್ಮ ತಿಳಿಯಾಗಲು ಹೆಚ್ಚು ದಿನ ಬೇಕು. ಈ ಅವಧಿಯಲ್ಲಿ ಹೊಸ ಹನಿಔಷಧ, ಹೊಸ ಸೋಪು, ಹೊಸ ಮುಲಾಮು ಯಾವುದನ್ನೂ ಆರಂಭಿಸದಿದ್ದರೆ ಫಲಿತಾಂಶ ಓದಲು ಸುಲಭ.

ಐದನೆಯದು: ಮರಳಿ ಕೊಟ್ಟು ನೋಡುವುದು

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಕೂಸು ಚೇತರಿಸಿಕೊಂಡಿದೆ, ಮತ್ತೇಕೆ ಕೆಣಕಬೇಕು ಎನ್ನುವುದು ಅರ್ಥವಾಗುವ ಮಾತೇ. ಆದರೆ ಕೂಸಿನ ಹೊಟ್ಟೆಯ ಅನೇಕ ತೊಂದರೆಗಳು ವಯಸ್ಸಿನೊಂದಿಗೆ ತಾವಾಗಿಯೇ ಇಳಿಯುತ್ತವೆ. ಚೇತರಿಕೆ ಫಾರ್ಮುಲಾದಿಂದ ಬಂತೋ ಕಾಲದಿಂದ ಬಂತೋ ಎಂಬುದನ್ನು ಹೇಳಲು ಬೇರೆ ದಾರಿಯಿಲ್ಲ. ಶೀಘ್ರ ಪ್ರತಿಕ್ರಿಯೆ ಅಥವಾ ಬಿಳಿಚಿ ಜೋತುಬಿದ್ದ ಇತಿಹಾಸವಿದ್ದರೆ ಈ ಪ್ರಯೋಗ ಮನೆಯಲ್ಲಿ ಸಲ್ಲದು, ಆಸ್ಪತ್ರೆಯಲ್ಲೇ ಆಗಬೇಕು.

ನಮ್ಮ ಉದಾಹರಣೆಯ ಕೂಸಿಗೆ ನಾಲ್ಕು ವಾರಗಳ ನಂತರ, ವೈದ್ಯರು ಹೇಳಿದಂತೆ, ದಿನದ ಮೊದಲ ಬಾಟಲಿಯಲ್ಲಿ ಮಾತ್ರ 150 ಮಿ.ಲೀ. ಹೊಸ ಫಾರ್ಮುಲಾಕ್ಕೆ 30 ಮಿ.ಲೀ. ಹಳೆಯದನ್ನು ಸೇರಿಸುತ್ತಾರೆ. ಎರಡನೆಯ ದಿನ 60, ಮೂರನೆಯ ದಿನ 90, ಹೀಗೆ ಆರನೆಯ ದಿನಕ್ಕೆ ಆ ಬಾಟಲಿ ಪೂರ್ತಿ ಹಳೆಯದಾಗಬೇಕು. ನಾಲ್ಕನೆಯ ದಿನ ಮಲದಲ್ಲಿ ಮತ್ತೆ ಲೋಳೆ, ಸಂಜೆಗೆ ರಕ್ತದ ಎಳೆ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ ಹೈಡ್ರೊಲೈಜ್ಡ್‌ಗೆ ಮರಳಿದಾಗ ಕೆಲವು ದಿನಗಳಲ್ಲಿ ಮಲ ಸರಿಯಾಗುತ್ತದೆ. ಈಗ ಅಲರ್ಜಿ ಅನುಮಾನವಾಗಿ ಉಳಿದಿಲ್ಲ, ಖಚಿತವಾಗಿದೆ. ಏನೂ ಮರುಕಳಿಸದೆ ಹೋಗಿದ್ದರೆ ಕೂಸು ಸಾಮಾನ್ಯ ಫಾರ್ಮುಲಾಕ್ಕೆ ಹಿಂದಿರುಗುತ್ತಿತ್ತು, ‘ಹಾಲಿನ ಅಲರ್ಜಿ’ ಎಂಬ ಹಣೆಪಟ್ಟಿ ಸುಮ್ಮನೆ ಅಂಟಿಕೊಳ್ಳುತ್ತಿರಲಿಲ್ಲ.

ಖಚಿತವಾದ ಮೇಲೆ ಹಾಲಿಲ್ಲದ ಆಹಾರ ಕನಿಷ್ಠ ಆರು ತಿಂಗಳು, ಅಥವಾ ಕೂಸಿಗೆ ಒಂಬತ್ತರಿಂದ ಹನ್ನೆರಡು ತಿಂಗಳಾಗುವವರೆಗೆ ಮುಂದುವರಿಯುತ್ತದೆ. ನಡುವೆ ಗಟ್ಟಿ ಆಹಾರ ಆರಂಭಿಸಿದಾಗ ಡಬ್ಬಿಯಲ್ಲಿ ಬರುವ ಕೂಸಿನ ಧಾನ್ಯದ ಪುಡಿಗಳನ್ನು ಗಮನವಿಟ್ಟು ನೋಡಬೇಕು. ಅವುಗಳಲ್ಲಿ ಹಲವಕ್ಕೆ ಹಾಲಿನ ಪುಡಿ ಬೆರೆತಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಹಾಲಿನ ಘನಾಂಶ, ವೇ, ಕೇಸೀನ್, ಕೇಸಿನೇಟ್ ಎಂದಿದ್ದರೆ ಅದು ಹಾಲಿನ ಪ್ರೋಟೀನೇ. ‘ಲ್ಯಾಕ್ಟೋಸ್ ರಹಿತ’ ಎಂದು ದೊಡ್ಡದಾಗಿ ಅಚ್ಚಾಗಿರುವ ಡಬ್ಬಿಯ ಹಿಂಬದಿಯ ಸಣ್ಣಕ್ಷರಗಳಲ್ಲೂ ಈ ಹೆಸರುಗಳೇ ಇರುತ್ತವೆ.