ಚೋರ್ಲಾ ಘಾಟಿನ್ಯಾಗ ನೆಟ್‌ವರ್ಕ್ ಇಲ್ದ ಮ್ಯಾಪ್ ಓಡಿಸಿದ್ದು: ನನ್ನ ಅನುಭವ

ಬಾಗಲಕೋಟಿಯಿಂದ ಗೋವಾಕ್ಕ ಬಾಡಿಗಿ ಹೊಡಿಯೋರಿಗೆಲ್ಲಾ ಗೊತ್ತೈತಿ, ಬೆಳಗಾವಿ ದಾಟಿ ಜಾಂಬೋಟಿ ಬಿಟ್ಟ ಮ್ಯಾಲ ಸಿಗ್ನಲ್ ಬರ್ತೈತಿ ಹೋಗ್ತೈತಿ, ಕಣಕುಂಬಿ ಆಚೆ ಕಾಡಿನ್ಯಾಗಂತೂ ನಂಬೂ ಹಂಗಿಲ್ಲ. ಗೂಗಲ್ ಮ್ಯಾಪ್ಸ್‌ನ್ಯಾಗ ಏರಿಯಾ ಡೌನ್‌ಲೋಡ್ ಮಾಡ್ಕೊಂಡ್ರ ದಾರಿ ತೋರಸ್ತೈತಿ ಖರೆ, ಆದ್ರ ಆಫ್‌ಲೈನ್ ಆದಾಗ ಟ್ರಾಫಿಕ್ ಇಲ್ಲ, ಬ್ಯಾರೆ ದಾರಿ ಕೊಡೂದಿಲ್ಲ. ನನಗ ಬೇಕಾಗಿದ್ದು ಅನಮೋಡ್ ಘಾಟಿನ ಕಡೆ ಎಳೀದಂಗ ಚೋರ್ಲಾ ಮ್ಯಾಲಿಂದನ ಪಣಜಿ ಮುಟ್ಸೂದು. ಅದಕ್ಕ OsmAnd ಅನ್ನೂ ಆಫ್‌ಲೈನ್ ಮ್ಯಾಪ್ ಆ್ಯಪ್ ಹಾಕ್ಕೊಂಡೆ. ಸ್ಟ್ಯಾಂಡಿನ್ಯಾಗ "ಅಣ್ಣಾ, ಗೂಗಲ್ ಬಿಟ್ಟು ಇದ್ಯಾವ್ದು, ಕಾಡಿನ್ಯಾಗ ನಿಂದ್ರಿಸ್ತೈತಿ ನೋಡು" ಅಂದಿದ್ರು. ಈಗ ಅವ್ರ ಕೇಳಾಕತ್ತಾರ.

ಇದ್ರಾಗ ಮ್ಯಾಪ್ ರಾಜ್ಯದ ಲೆಕ್ಕದಾಗ ಬರ್ತಾವ, ಕರ್ನಾಟಕ ಗೋವಾ ಎರಡೂ ಬೇಕು, ಕರ್ನಾಟಕ ಒಂದ ಇದ್ರ ಗಡಿ ದಾಟಿ ರೂಟ್ ಕೂಡೂದಿಲ್ಲ. ಫ್ರೀ ಆ್ಯಪ್‌ನ್ಯಾಗ 7 ಡೌನ್‌ಲೋಡ್ ಅಷ್ಟ, ಅಪ್‌ಡೇಟೂ ಅದ್ರಾಗ ಎಣಿಸ್ತಾರ, ಹಿಂಗಾಗಿ ಲಗೂನ ಮುಗೀತಾವ. ಆಮ್ಯಾಲ ನಾ ರೊಕ್ಕಾ ಕೊಟ್ಟು ತಗೊಂಡೆ, ಘಾಟಿನ್ಯಾಗ ಒಮ್ಮೆ ದಾರಿ ತಪ್ಪಿ ಹೊಳ್ಳಿ ಬಂದ್ರ ಸುಡೂ ಡೀಸೆಲ್ ನೆನಸ್ಕೊಂಡ್ರ ಅದೇನ್ ದೊಡ್ಡದಲ್ಲ.

ಅಸಲಿ ಕೆಲಸ ನಡುವಿನ ಪಾಯಿಂಟ್‌ಗಳದು. ಜಾಂಬೋಟಿ, ಕಣಕುಂಬಿ, ಚೋರ್ಲಾ, ಸಾಂಖಳಿ, ಹಿಂಗ ಸಾಲಾಗಿ ಹಾಕಿದ್ರ ಆ್ಯಪ್ ಅನಮೋಡ್ ಕಡೆ ತಿರಗೂದಿಲ್ಲ. ಪಾಯಿಂಟ್ ಮಾತ್ರ ಊರ ಹೆಸರ ಹುಡುಕಿ ಹಾಕಬ್ಯಾಡ್ರಿ, ಅದು ಊರ ನಡುವ ಬೀಳ್ತೈತಿ. ಪೂರಾ ಝೂಮ್ ಮಾಡಿ ದೊಡ್ಡ ರಸ್ತೆ ಮ್ಯಾಲನ ಒತ್ತಿ ಇಡ್ರಿ. ಓಣ್ಯಾಗ ಬಿದ್ದಿದ್ರ ರೂಟಿನ ಗೆರಿ ಅಲ್ಲೆ ಗಾಳದ ಕೊಂಡಿ ಹಂಗ ಬಾಗಿರ್ತೈತಿ, ಅದ ಗುರ್ತು, ಅಂದ್ರ ಆ್ಯಪ್ ನಿಮ್ಮನ್ನ ಊರೊಳಗ ಒಯ್ದು ಹೊಳ್ಳಿ ತರ್ತೈತಿ.

ಕಚ್ಚಾ ರಸ್ತೆ ಬ್ಯಾಡ ಅನ್ನೂ ಟಿಕ್ ಹಾಕಿ ಸುಮ್ನ ಕೂತ್ರ ಆಗೂದಿಲ್ಲ. ಮ್ಯಾಪ್ ಮಾಡಿದೋರು ಆ ರಸ್ತೆಗೆ ಡಾಂಬರೋ ಮಣ್ಣೋ ಅಂತ ಬರದಿರ್ಲಿಲ್ಲಂದ್ರ ಆ್ಯಪಿಗೂ ಗೊತ್ತಾಗೂದಿಲ್ಲ, ಅದ್ರ ಮ್ಯಾಲ ಕಳಸೇ ಬಿಡ್ತೈತಿ. ರೂಟ್ ಡಿಟೇಲ್ಸ್‌ನ್ಯಾಗ ಸರ್ಫೇಸ್ ಪಟ್ಟಿ ಐತಿ, ಅದ್ರಾಗ ಗೊತ್ತಿಲ್ಲ ಅನ್ನೂ ಭಾಗ ಭಾಳ ಇದ್ರ ಅದು ಎಲ್ಲಿ ಬರ್ತೈತಿ ನೋಡ್ರಿ, ಸಂಶಯ ಬಂದ ತುಂಡಿನ ಮ್ಯಾಲ ಒತ್ತಿ ಹಿಡಿದು ಆ ಒಂದ ರಸ್ತೆ ಬಂದ್ ಮಾಡಾಕ ಬರ್ತೈತಿ.

ನಡುವ ಟೋಲ್ ಬ್ಯಾಡ ಅನ್ನೂದನ್ನೂ ಬೆಳಗಾವಿ ಧಾರವಾಡ ನಡುವ ಹಾಕಿ ನೋಡೀನಿ. ಹಿರೇಬಾಗೇವಾಡಿ ಟೋಲ್ ಉಳೀತು, ಆದ್ರ ಹಳ್ಳಿ ರಸ್ತೆ, ಹಂಪು, ಎತ್ತಿನ ಗಾಡಿ, ಉಳಿದ ರೊಕ್ಕಕ್ಕಿಂತ ಡೀಸೆಲ್ ಹೆಚ್ಚ ಹೋತು. ಟಿಕ್ ತಗದ್ನಿ.

ಟೈಮ್ ಸರಿ ತೋರಸಾಕ ಕಾರ್ ಪ್ರೊಫೈಲಿನ್ಯಾಗ ಸ್ಪೀಡ್ ಒಂಚೂರು ಬದಲ ಮಾಡೀನಿ, ಪಣಜಿಗೆ ಹತ್ತ ಹದಿನೈದ ನಿಮಿಷ ಆಚೀಚೆ ಬರ್ತೈತಿ. ಎಷ್ಟ ಮಾಡೀನಿ ಅನ್ನೂದು ನನ್ನ ಕಡೆನ ಇರ್ಲಿ.

ಬ್ಯಾಟರಿ ಸೇವರ್ ಲಿಸ್ಟಿನಿಂದ ಆ್ಯಪ್ ಹೊರಗ ಹಾಕ್ರಿ, ಇಲ್ಲಂದ್ರ ಸ್ಕ್ರೀನ್ ಆಫ್ ಆದಾಗ ದನಿ ನಿಲ್ತೈತಿ. ಹೊರಡೂ ಹಿಂದಿನ ರಾತ್ರಿ ಫ್ಲೈಟ್ ಮೋಡ್ ಹಾಕಿ ಬಯಲಾಗ ನಿಂತು ಪೂರಾ ರೂಟ್ ಹಾಕ್ರಿ. ಜಿಪಿಎಸ್‌ಗೆ ಸಿಮ್ ಬೇಕಾಗಿಲ್ಲ, ಮೊದಲ ಸಲ ಜಾಗಾ ಹಿಡಿಯಾಕ ಒಂದೆರಡ ನಿಮಿಷ ತಗೋತೈತಿ ಅಷ್ಟ. ಅಲ್ಲೆ ಪಣಜಿ ತನಕ ಗೆರಿ ಬಂದ್ರ ಘಾಟಿನ್ಯಾಗೂ ಬರ್ತೈತಿ.